ಅರೆಬರೆ ಹೂಮಳೆ ಮತ್ತು ನನ್ನ ರೊಬಸ್ಟಾ ತೋಟ

ರೊಬಸ್ಟಾ ಕಾಫಿ ತೋಟದ ಫಸಲು ನಿಂತಿರುವುದೇ ಎರಡು ಮಳೆಯ ಮೇಲೆ. ಒಂದು ಹೂಮಳೆ, ಇನ್ನೊಂದು ಅದರ ಬೆನ್ನಿಗೆ ಬರುವ ಬ್ಯಾಕಿಂಗ್ ಮಳೆ. ಮೊದಲೆಲ್ಲ ಕೊಯ್ಲು ಮುಗಿದು, ಗಿಡ ಬಿಸಿಲಿಗೆ ಸ್ವಲ್ಪ ಬಾಡಿದ ಮೇಲೆ, ಫೆಬ್ರವರಿ ಕೊನೆಗೋ ಮಾರ್ಚಿಗೋ ಹೂಮಳೆ ಬರುತ್ತಿತ್ತು. ಈಗ ಜನವರಿಯಲ್ಲೇ ಒಂದು ಸಂಜೆ ಬಂದು ಹೋಗುತ್ತದೆ. ಅದೂ ಮೂವತ್ತು, ನಲವತ್ತು ಸೆಂಟು. ನಾವು ತೋಟದವರು ಮಳೆಯನ್ನು ಇಂಚು, ಸೆಂಟಲ್ಲೇ ಅಳೆಯುವುದು. ನೂರು ಸೆಂಟಿಗೆ ಒಂದು ಇಂಚು, ಅಂದರೆ ಸುಮಾರು 25 ಮಿಲಿಮೀಟರ್.

ಇಂಥ ಮಳೆ ಬರುವುದಕ್ಕಿಂತ ಬರದಿದ್ದರೇ ವಾಸಿ. ಮೊಗ್ಗು ಬೆಳೆದು ಒಂದು ಹಂತಕ್ಕೆ ಬಂದು ಸುಮ್ಮನೆ ಕೂತಿರುತ್ತದೆ. ಆಗ ಅದಕ್ಕೆ ಒಣ ಹವೆ ಬೇಕು. ಆಮೇಲೆ ಒಟ್ಟಿಗೆ ಒಂದೂವರೆ ಇಂಚು ನೀರು ಸಿಕ್ಕರೆ ಎಂಟೊಂಬತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಅರ್ಧ ನೀರು ಬಿದ್ದರೆ ಮೊಗ್ಗು ಎಚ್ಚರವಾಗುತ್ತದೆ, ಆದರೆ ಪೂರ್ತಿ ಅರಳಲು ಶಕ್ತಿ ಸಾಲುವುದಿಲ್ಲ. ಎಸಳು ಗಿಡ್ಡವಾಗಿ, ಬಿರುಸಾಗಿ, ನಕ್ಷತ್ರದಂತೆ ನಿಲ್ಲುತ್ತದೆ. ಅದರಲ್ಲಿ ಕಾಯಿ ಕಚ್ಚುವುದಿಲ್ಲ. ಎಚ್ಚರವಾದ ಮೊಗ್ಗನ್ನು ಮತ್ತೆ ಮಲಗಿಸಲೂ ಆಗುವುದಿಲ್ಲ.

ಅದಕ್ಕೆ ನಾನು ಈಗ ಮಳೆಮಾಪಕ ನೋಡಿದ ಮೇಲೆಯೇ ಮುಂದಿನ ಮಾತು. ಹತ್ತು ಸೆಂಟಿನೊಳಗಿದ್ದರೆ ಬಿಟ್ಟುಬಿಡುತ್ತೇನೆ. ಅದಕ್ಕಿಂತ ಜಾಸ್ತಿ, ಇಂಚಿಗಿಂತ ಕಡಿಮೆ ಬಿದ್ದಿದ್ದರೆ ಗಿಡದ ಬುಡ ಬಿಟ್ಟು ಎರಡಡಿ ದೂರದಲ್ಲಿ ಮಣ್ಣು ಕೆದಕುತ್ತೇನೆ. ಮೇಲಷ್ಟೇ ಒದ್ದೆಯಾಗಿ ಕೆಳಗೆ ಪುಡಿಮಣ್ಣಿದ್ದರೆ ಎರಡು ಮೂರು ದಿನದೊಳಗೆ ಸ್ಪ್ರಿಂಕ್ಲರ್ ಜೆಟ್ ಹಾಕಿ, ಮಳೆಯದೂ ಸೇರಿ ಒಂದೂವರೆ ಇಂಚಾಗುವಷ್ಟು ಹೊಡೆಯುತ್ತೇನೆ. ನೀರು ಎಷ್ಟು ಬಿತ್ತೆಂದು ತಿಳಿಯಲು ಜೆಟ್ಟಿನ ಕೆಳಗೆ ಅಲ್ಲಲ್ಲಿ ಖಾಲಿ ಡಬ್ಬ ಇಟ್ಟರೆ ಸಾಕು.

ತೊಂದರೆ ಇರುವುದು ನೀರಿನ ಲೆಕ್ಕದಲ್ಲಿ. ಒಂದು ಎಕರೆಗೆ ಒಂದು ಇಂಚು ಅಂದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಮೇಲೆ. ಹತ್ತು ಎಕರೆಗೆ ಹೂವಿಗೆ 15 ಲಕ್ಷ. ಅದಾಗಿ ಹದಿನೈದು ಇಪ್ಪತ್ತು ದಿನಕ್ಕೆ ಬ್ಯಾಕಿಂಗ್ ಕೊಡಬೇಕು, ಅದಕ್ಕೆ ಇನ್ನೂ 10 ಲಕ್ಷ. ಬ್ಯಾಕಿಂಗ್ ಸಿಗದಿದ್ದರೆ ಕಚ್ಚಿದ ಕಾಯಿ ಸೆಕೆಗೆ ಕಪ್ಪಾಗಿ ಉದುರುತ್ತದೆ. ಹಾಗಾಗಿ ಕೆರೆಯಲ್ಲಿ 15 ಲಕ್ಷವೇ ಇದ್ದರೆ ನಾನು ಆರೇ ಎಕರೆಗೆ ಎರಡೂ ಸಲ ಹೊಡೆಯುತ್ತೇನೆ. ಹತ್ತು ಎಕರೆಗೂ ಹೂ ಬಿಡಿಸಿ ಆಮೇಲೆ ಆಕಾಶ ನೋಡುವ ಜೂಜು ನನಗೆ ಬೇಡ. ಆ ಆರು ಎಕರೆ ಯಾವುದೆಂದು ಡಿಸೆಂಬರಿನಲ್ಲೇ ಗುರುತು ಮಾಡಿ, ಅಲ್ಲಿನ ಹಣ್ಣನ್ನೇ ಮೊದಲು ಕೊಯ್ಯಿಸುತ್ತೇನೆ. ಇಲ್ಲದಿದ್ದರೆ ಒಂದೇ ಕೊಂಬೆಯಲ್ಲಿ ಹಣ್ಣೂ ಹೂವೂ ಇದ್ದು, ಕೊಯ್ಯುವ ಕೈಗೆ ಹೂ ಉದುರಿ ಹೋಗುತ್ತದೆ.

ಹೂ ಅರಳಿದ ದಿನ ಮಾತ್ರ ಜೆಟ್ ಮುಟ್ಟುವಂತಿಲ್ಲ. ರೊಬಸ್ಟಾ ಹೂವಿಗೆ ತನ್ನದೇ ಪರಾಗ ಆಗುವುದಿಲ್ಲ, ಗಾಳಿಯೋ ಜೇನೋ ಬೇರೆ ಗಿಡದಿಂದ ತರಬೇಕು. ಅವತ್ತು ಬೆಳಗ್ಗೆ ಮಳೆ ಹೊಯ್ದರೆ ಪರಾಗ ತೊಳೆದು ಹೋಗುತ್ತದೆ. ಇದಕ್ಕೆ ಯಾವ ಕೆರೆಯೂ ಪರಿಹಾರವಲ್ಲ.

ಸೆಕೆಗೆ ನನ್ನ ಹತ್ತಿರ ಇರುವ ಮದ್ದು ನೆರಳೊಂದೇ. ಬಿಸಿಲು ಬಿದ್ದರೆ ಫಸಲು ಜಾಸ್ತಿ ಅಂತ ಮರ ಬೋಳು ಮಾಡಿದ ಕಡೆ ಬೇಸಿಗೆಯಲ್ಲಿ ಎಲೆ ಸುಟ್ಟು, ಬೀಜ ಜೊಳ್ಳಾಗುವುದನ್ನು ನೋಡಿದ್ದೇನೆ. ಈಗ ನೆರಳಿನ ಮರದ ಕೊಂಬೆ ಸವರುವ ಮರಗಸಿ ಮುಂಗಾರು ಹಿಡಿದ ಮೇಲೆಯೇ.

ಇನ್ನು ಬೆಲೆ. 2024ರಲ್ಲಿ ವಿಯೆಟ್ನಾಂನಲ್ಲೂ ಬ್ರೆಜಿಲ್‌ನಲ್ಲೂ ಬರ ಬಿತ್ತು. ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. 2025ರ ಫೆಬ್ರವರಿಯಲ್ಲಿ ಇನ್ನೊಂದು ಜಾತಿಯ ಕಾಫಿ ಅರೇಬಿಕಾ ನ್ಯೂಯಾರ್ಕ್‌ನಲ್ಲಿ ಪೌಂಡಿಗೆ 4 ಡಾಲರ್ ದಾಟಿತು. ಬೆಳೆಗಾರನಿಗೆ ಹಬ್ಬ ಅಂತ ಎಲ್ಲರೂ ಅಂದುಕೊಂಡರು. ಬೀಜ ಕೈಯಲ್ಲಿದ್ದವನಿಗೆ ಹೌದು. ಹೂ ಕೆಟ್ಟವನಿಗೆ ಆ ರೇಟು ಪೇಪರಿನಲ್ಲಿ ಓದಲಿಕ್ಕಷ್ಟೇ.

ಕುಡಿಯುವವರ ಲೆಕ್ಕ ಬೇರೆ. ಒಂದು ಕೆಜಿ ಹಸಿ ಬೀಜ ಹುರಿದರೆ ಸುಮಾರು 850 ಗ್ರಾಂ ಉಳಿಯುತ್ತದೆ. ಕಪ್ಪಿಗೆ ಎಂಟೊಂಬತ್ತು ಗ್ರಾಂ ಪುಡಿ ಹಿಡಿದರೆ ನೂರು ಕಪ್ಪು. ಅಂದರೆ ಬೀಜ ಕೆಜಿಗೆ ನೂರು ರೂಪಾಯಿ ಏರಿದರೂ ಕಪ್ಪಿಗೆ ಬೀಳುವುದು ಒಂದು ರೂಪಾಯಿ. ಅದೂ ತಕ್ಷಣ ಅಲ್ಲ, ಹುರಿಯುವವರ ಹತ್ತಿರ ತಿಂಗಳುಗಟ್ಟಲೆ ದಾಸ್ತಾನಿರುತ್ತದೆ. ಆದರೆ ಒಮ್ಮೆ ಏರಿದ ಕಪ್ಪಿನ ರೇಟು ಬೀಜ ಇಳಿದಾಗ ಅಷ್ಟೇ ಬೇಗ ಇಳಿಯುವುದಿಲ್ಲ, ಅಲ್ವಾ? ಒಂದು ದೇಶದಲ್ಲಿ ಹೂ ಕೆಟ್ಟರೆ ಇನ್ನೊಂದು ದೇಶ ತುಂಬಿಕೊಡುತ್ತಿತ್ತು. ಎರಡೂ ಕಡೆ ಒಟ್ಟಿಗೆ ಕೆಡುವ ವರ್ಷಗಳು ಹೆಚ್ಚಿದರೆ ಇಳಿಯಲು ಪುರಸೊತ್ತೇ ಸಿಗುವುದಿಲ್ಲ.

ಒಳ್ಳೆ ರೇಟು ಸಿಕ್ಕ ವರ್ಷದ ದುಡ್ಡಲ್ಲಿ ನಾನು ಕೆರೆಯ ಹೂಳು ತೆಗೆಸಿದೆ. ಈಗ ಅದರಲ್ಲಿ ಇನ್ನೆರಡು ಎಕರೆಗೆ ಆಗುವಷ್ಟು ನೀರು ಹೆಚ್ಚಿಗೆ ನಿಲ್ಲುತ್ತದೆ.