ಇಡೀ ಕೋಳಿ ರೋಸ್ಟ್: ಎದೆ ಮಾಂಸ ಒಣಗುವುದು ನಿಂತಿದ್ದು ಹೀಗೆ

ಕಲಬುರಗಿಯ ನಮ್ಮ ಮನೆಯಲ್ಲಿ ಓವನ್‌ನಲ್ಲಿ ಇಡೀ ಕೋಳಿ ಮಾಡಿದಾಗ ಎದೆ ಮಾಂಸ ನಾರಿನಂತಾಗುತ್ತಿತ್ತು. ಥರ್ಮಾಮೀಟರ್ ಮಾತ್ರ, ಕೋಳಿ ಸುರಕ್ಷಿತವಾಗಿ ಬೇಯಲು ಬೇಕಾದ 74 ಡಿಗ್ರಿ ಸೆಲ್ಸಿಯಸ್ಸನ್ನೇ ಸರಿಯಾಗಿ ತೋರಿಸುತ್ತಿತ್ತು. ಪುಡಿ ಐಸ್ ಹಾಕಿದ ನೀರಿನಲ್ಲಿಟ್ಟು ನೋಡಿದೆ, 0 ಬಂತು. ಅಂದರೆ ಮೀಟರ್ ಸರಿಯಿದೆ.

ವಿಷಯ ಇದ್ದದ್ದು ಕೋಳಿಯನ್ನು ಹೊರತೆಗೆಯುವ ಹೊತ್ತಿನಲ್ಲಿ. ಓವನ್‌ನಲ್ಲಿ ಹೊರಗಿನ ಮಾಂಸ ನಡುವಿನದಕ್ಕಿಂತ ತುಂಬಾ ಬಿಸಿ ಇರುತ್ತದೆ. ಹೊರಗೆ ತೆಗೆದ ಮೇಲೂ ಆ ಬಿಸಿ ಒಳಕ್ಕೆ ಇಳಿಯುತ್ತಲೇ ಇರುತ್ತದೆ. 74ಕ್ಕೆ ತೆಗೆದರೆ ತಟ್ಟೆಗೆ ಬರುವಾಗ 78 ಆಗಿರುತ್ತದೆ, ಅಲ್ವಾ?

ಈಗ ಕತ್ತಿನ ಕಡೆಯಿಂದ, ಎದೆಯ ಎಲುಬಿಗೆ ಸಮಾನಾಂತರವಾಗಿ, ಅತಿ ದಪ್ಪ ಭಾಗದ ನಡುವಿಗೆ ಥರ್ಮಾಮೀಟರ್‌ನ ಕಡ್ಡಿ ಚುಚ್ಚುತ್ತೇನೆ. ಎಲುಬು ತಾಗಿದರೆ ಅಂಕಿ ನಂಬುವಂತಿಲ್ಲ. ಮೊದಲು ಸ್ವಲ್ಪ ಆಳಕ್ಕೆ ಹಾಕಿ, ನಿಧಾನವಾಗಿ ಹಿಂದಕ್ಕೆ ಎಳೆಯುತ್ತೇನೆ. ಕಾಣುವ ಅತಿ ಕಡಿಮೆ ಅಂಕಿಯೇ ನಿಜವಾದ ನಡು.

ಒಂದೂವರೆ ಕಿಲೋ ಕೋಳಿ, ಓವನ್ 200 ಡಿಗ್ರಿ. ಎದೆ 71 ತೋರಿಸಿದಾಗ ತೆಗೆದೆ. ತೊಡೆಯ ದಪ್ಪ ಭಾಗ ಆಗಲೇ 76 ದಾಟಿತ್ತು. ಫಾಯಿಲ್ ಸಡಿಲವಾಗಿ ಹೊದಿಸಿ, ಕಡ್ಡಿ ಅಲ್ಲೇ ಬಿಟ್ಟೆ. ಹತ್ತು ನಿಮಿಷದೊಳಗೆ ಎದೆ 74 ಮುಟ್ಟಿತು. ಕೊಯ್ದರೆ ರಸ ಹಾಗೇ ಇತ್ತು. ಜೋಳದ ರೊಟ್ಟಿಯ ಜೊತೆ ಅತ್ತೆಯವರೂ ಎದೆ ತುಂಡನ್ನೇ ಕೇಳಿ ಹಾಕಿಸಿಕೊಂಡರು.

74 ಮುಟ್ಟದೆ ಅಂಕಿ ಇಳಿಯತೊಡಗಿದರೆ ಮತ್ತೆ ಓವನ್‌ಗೆ ಇಡಲೇಬೇಕು. ಸಣ್ಣ ತುಂಡುಗಳಲ್ಲಿ ಈ ಏರಿಕೆ ನಂಬಬೇಡಿ, ಅವು ಬೇಗ ಆರುತ್ತವೆ. ಅವನ್ನು ಒಲೆಯ ಮೇಲೇ 74ಕ್ಕೆ ತನ್ನಿ.