ರಾತ್ರಿ ಹನ್ನೊಂದೂವರೆಯ ‘ಹಾಯ್’ಗೆ ನಾನು ಕೊಡುವ ಉತ್ತರ

ನಾನು ವಾಟ್ಸಾಪ್‌ನಲ್ಲಿ ಇಳಕಲ್ ಸೀರೆ ಮಾರುತ್ತೇನೆ. ರಾತ್ರಿ ಬರುವ ಒಂಟಿ ಹಾಯ್‌ಗಳಿಗೂ ಉತ್ತರ ಕೊಡ್ತೀನಿ ಅಂದಾಗ ನಮ್ಮ ರೀಸೆಲ್ಲರ್ ಗುಂಪಿನ ಅಕ್ಕಂದಿರು ನಕ್ಕಿದ್ದರು. ‘ಅವೆಲ್ಲ ಟೈಂಪಾಸ್ ಗಿರಾಕಿ, ಬ್ಲಾಕ್ ಮಾಡಿ ಮಲಗು’ ಅಂದರು. ನಮ್ಮ ಮನೆಯವರದ್ದೂ ಅದೇ ಮಾತು. ಕಳೆದ ಮದುವೆ ಸೀಸನ್‌ನಲ್ಲಿ ನನ್ನ ಮಾರಾಟದ ಸುಮಾರು ಕಾಲು ಭಾಗ ರಾತ್ರಿ ಹತ್ತರ ನಂತರ ಶುರುವಾದ ಚಾಟ್‌ಗಳಿಂದಲೇ ಬಂತು. ಈಗ ಅವರೇ ‘ಏನಂತ ಟೈಪ್ ಮಾಡ್ತಿ?’ ಅಂತ ಕೇಳುತ್ತಿದ್ದಾರೆ.

ಮೊದಲು ಎಲ್ಲರಂತೆ ತಾನಾಗಿಯೇ ಹೋಗುವ ಆಟೋ ಮೆಸೇಜ್ ಹಾಕಿದ್ದೆ. ‘ನಮ್ಮ ಸಮಯ ಬೆಳಿಗ್ಗೆ 9ರಿಂದ ಸಂಜೆ 7, ನಾಳೆ ಸಂಪರ್ಕಿಸುತ್ತೇವೆ.’ ಆ ತಿಂಗಳು ಜಾಹೀರಾತಿಗೆ ಐದಾರು ಸಾವಿರ ಸುರಿದಿದ್ದೆ. ಬೆಳಿಗ್ಗೆ ಎದ್ದು ಉತ್ತರ ಹಾಕಿದರೆ ಅರ್ಧದಷ್ಟು ಜನ ತಿರುಗಿ ಮಾತೇ ಆಡಲಿಲ್ಲ. ಒಬ್ಬರಂತೂ ‘ರಾತ್ರೀನೇ ಬೇರೆ ಕಡೆ ತಗೊಂಡ್ವಿ’ ಅಂದರು.

ಆಮೇಲೆ ನಾನೇ ಕೂತು ಉತ್ತರಿಸಲು ಶುರು ಮಾಡಿದೆ. ಹಗಲಿನ ಹಾಗೆ ‘ನಮಸ್ಕಾರ್ರೀ, ಹೇಳ್ರಿ’ ಅಂತ ಹಾಕುತ್ತಿದ್ದೆ. ಹಗಲಲ್ಲಿ ಇದಕ್ಕೆ ‘ರೇಟ್ ಎಷ್ಟು’ ಅಂತ ಬರುತ್ತದೆ. ರಾತ್ರಿ ‘ಊಟ ಆಯ್ತಾ’, ‘ಇನ್ನೂ ಮಲಗಿಲ್ವಾ’ ಅಂತ ಬಂತು. ಅದಕ್ಕೆ ಸಿಟ್ಟಾಗಿ ದನಿ ಬಿಗಿ ಮಾಡಿದೆ: ‘ಇಷ್ಟು ಹೊತ್ತಿಗೆ ಯಾಕೆ ಮೆಸೇಜ್? ಏನು ಬೇಕು?’ ಟೈಂಪಾಸ್ ಮಂದಿ ಇದಕ್ಕೆ ಹೆದರಲ್ಲ, ಇನ್ನಷ್ಟು ಹುರುಪು ಅವರಿಗೆ. ಹೆದರಿದ್ದು ನಿಜವಾದ ಗಿರಾಕಿ. ‘ಸಾರಿ ಮೇಡಂ, ನಾಳೆ ಮಾಡ್ತೀನಿ’ ಅಂದವರು ಆ ನಾಳೆ ಬರಲೇ ಇಲ್ಲ.

ಅಲ್ಲಿಗೆ ಒಂದು ವಿಷಯ ಗೊತ್ತಾಯಿತು. ದನಿ ಬದಲಿಸಬೇಕಾಗಿಲ್ಲ. ತೆಗೆಯಬೇಕಾದ್ದು ಬರೀ ಆ ‘ಹೇಳ್ರಿ’. ಈಗ ರಾತ್ರಿ ನನ್ನ ಉತ್ತರ ಇಷ್ಟೇ: ‘ನಮಸ್ಕಾರ. ಇಳಕಲ್ ಸೀರೆ ನೋಡಬೇಕಾಗಿತ್ತಾ? ಹೌದು ಅಂದ್ರೆ ಫೋಟೋ ಕಳಿಸ್ತೀನಿ.’ ಹೌದು, ಇಲ್ಲ ಅಂತ ಒಂದೇ ಪದದಲ್ಲಿ ಉತ್ತರಿಸಬಹುದು. ಹೊತ್ತಿನ ಮಾತೇ ಎತ್ತಲ್ಲ. ಎಮೋಜಿ ಇಲ್ಲ, ‘ಗುಡ್ ನೈಟ್’ ಕೂಡ ಇಲ್ಲ. ಇದನ್ನು ಕ್ವಿಕ್ ರಿಪ್ಲೈನಲ್ಲಿ ಇಟ್ಟುಕೊಂಡಿದ್ದೇನೆ, ನಿದ್ದೆಗಣ್ಣಲ್ಲೂ ತಪ್ಪಾಗಲ್ಲ. ‘ಡಿಪಿಯಲ್ಲಿರೋದು ನೀವೇನಾ’ ಅಂತ ಬಂದರೆ ಇನ್ನೊಂದೇ ಒಂದು ಸಾಲು ಹಾಕುತ್ತೇನೆ, ಅಲ್ಲಿಗೆ ಆಸಾಮಿ ಮಾಯ. ಆ ಸಾಲು ಇಲ್ಲಿ ಬರೆಯಲ್ಲ, ಎಲ್ಲರೂ ಹಾಕಿದರೆ ಅದರ ಖಾರ ಹೋಗುತ್ತದೆ.

ಒಂದು ಉದಾಹರಣೆ. ರಾತ್ರಿ ಹನ್ನೊಂದೂವರೆ ಸುಮಾರಿಗೆ ‘Hi’. ನಂಬರ್ +971, ಡಿಪಿಯಲ್ಲಿ ದೇವಸ್ಥಾನದ ಗೋಪುರ. ಯುಎಇ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಂದರೆ ಅಲ್ಲಿ ಇನ್ನೂ ಹತ್ತು. ಮಕ್ಕಳು ಮಲಗಿ ತಾಯಿ ಫೋನ್ ಹಿಡಿಯುವ ಹೊತ್ತು. ನನ್ನ ಸಾಲು ಹಾಕಿದೆ. ‘ಹೌದು’ ಅಂತ ಬಂತು. ಮೂರು ಫೋಟೋ ಕಳಿಸಿದೆ, ಮೂರರಲ್ಲೂ ಇಳಕಲ್‌ನ ಗುರುತಾದ ಟೋಪ್ ತೆನಿ ಸೆರಗು ಪೂರ್ತಿ ಹರಡಿದ್ದು. ‘ಚಿಕ್ಕಿ ಪರಾಸ ದಡಿದು ಅದ ಏನ್ರಿ?’ ಅಂತ ಅಂಚಿನ ಹೆಸರು ಹಿಡಿದೇ ಕೇಳಿದರು. ಕಡೆಗೆ ತಂಗಿ ಮದುವೆಗೆ ಅಂತ ನಾಲ್ಕು ಸೀರೆ, ಹೆಚ್ಚುಕಡಿಮೆ ಹನ್ನೆರಡು ಸಾವಿರ, ಹುಬ್ಬಳ್ಳಿಯ ತವರುಮನೆಗೆ ಕೊರಿಯರ್. ಬ್ಲಾಕ್ ಮಾಡಿ ಮಲಗಿದ್ದರೆ?

ವಾಯ್ಸ್ ನೋಟ್ ಕೂಡ ಹಾಕಿ ನೋಡಿದೆ, ಸುಮ್ನೆ ಪ್ರಯೋಗಕ್ಕೆ. ಪಕ್ಕದಲ್ಲಿ ಮಗು ಮಲಗಿರುವಾಗ ಯಾರು ಕೇಳ್ತಾರೆ? ಬೆಳಗಿನವರೆಗೂ ಯಾರೂ ತೆರೆಯಲಿಲ್ಲ. ಕೇಳದೆ ಹತ್ತು ಹದಿನೈದು ಫೋಟೋ ಕಳಿಸಿದ್ದೂ ಕೆಟ್ಟಿತು. ಸಾಲಾಗಿ ಟಣ್ ಟಣ್ ಅಂತ ಬಡಿದರೆ ಮ್ಯೂಟ್ ಮಾಡುತ್ತಾರೆ.

ಹೆಚ್ಚು ಕೆಲಸಕ್ಕೆ ಬಂದಿದ್ದು ಬೇರೆಯೇ. ನನ್ನ ಇನ್‌ಸ್ಟಾಗ್ರಾಂ ಬಯೋದ ಲಿಂಕ್ ಒತ್ತಿದರೆ ತಾನಾಗಿಯೇ ‘Hi’ ಅಂತ ತುಂಬಿಕೊಳ್ಳುತ್ತಿತ್ತು. ಹಾಗಾಗಿ ಸೀರೆ ನೋಡಿ ಬಂದವರ ಹಾಯ್ ಯಾವುದು, ಎಲ್ಲಿಂದಲೋ ನಂಬರ್ ಹಿಡಿದವನ ಹಾಯ್ ಯಾವುದು ಗೊತ್ತೇ ಆಗುತ್ತಿರಲಿಲ್ಲ. ಕೊನೆಯ ಪದ ಬದಲಿಸಿದೆ:

```
https://wa.me/91XXXXXXXXXX?text=Ilkal
```

ನಂಬರಿಗೆ ಮುಂದೆ ಪ್ಲಸ್ ಹಾಕಬಾರದು, ಸೊನ್ನೆಯೂ ಬೇಡ. ಈಗ ಲಿಂಕ್‌ನಿಂದ ಬಂದವರು ‘Ilkal’ ಅಂತಲೇ ಬರುತ್ತಾರೆ, ಅವರಿಗೆ ನೇರ ಫೋಟೋ. ಬರೀ ಹಾಯ್ ಬಂದರೆ ಅದನ್ನು ಹೆಚ್ಚಾಗಿ ಕೈಯಾರೆ ಟೈಪ್ ಮಾಡಿದ್ದು. ಅದರಲ್ಲೂ ಗಿರಾಕಿ ಇರುತ್ತಾರೆ. ಹಳೇ ಗಿರಾಕಿ ನಂಬರ್ ಕೊಟ್ಟು ಕಳಿಸಿದವರು ಹಾಗೇ ಬರೋದು ಜಾಸ್ತಿ.

ಹನ್ನೆರಡು ದಾಟಿದರೆ ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ. ಆಮೇಲೆ ಬಂದ ಹಾಯ್‌ಗೆ ಬೆಳಿಗ್ಗೆ ಏಳಕ್ಕೆ ಅದೇ ಸಾಲು. ‘ರಾತ್ರಿ ಮಲಗಿದ್ದೆ’ ಅಂತ ಸೇರಿಸಲ್ಲ. ಇವರಲ್ಲಿ ವ್ಯಾಪಾರ ಕುದುರೋದು ಕಡಿಮೆಯೇ, ಐದರಲ್ಲಿ ಒಬ್ಬರು ಇರಬಹುದು. ಅವರಿಗಾಗಿ ನಿದ್ದೆಗೆಡೋಷ್ಟು ಲಾಭ ಸೀರೆಯಲ್ಲಿಲ್ಲ.