ಕತೆಯೊಳಗಿನ ಹೆಂಗಸು ಯಾರ ಕೆಲಸಕ್ಕೆ ಬಂದಿದ್ದಾಳೆ?

ಓದುಗರ ಕೂಟಗಳಲ್ಲಿ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ: ‘ಈ ಕಾದಂಬರಿಯ ನಾಯಕಿ ತುಂಬಾ ಗಟ್ಟಿಗಿತ್ತಿ’. ಯಾಕೆ ಅಂತ ಕೇಳಿದರೆ ಎದುರುತ್ತರ ಕೊಡುತ್ತಾಳೆ, ಅಳುವುದಿಲ್ಲ ಅನ್ನುತ್ತಾರೆ. ಅದು ಸ್ವಭಾವದ ಮಾತಾಯಿತು. ಅವಳು ತನ್ನ ಬದುಕನ್ನು ತಾನೇ ನಡೆಸುತ್ತಾಳಾ ಅನ್ನುವುದನ್ನು ಬೇರೆಯೇ ನೋಡಬೇಕು.

ಮೊದಲು ಕಾದಂಬರಿಯನ್ನು ಸುಮ್ನೆ ಓದಿ ಮುಗಿಸಿ. ಎರಡನೇ ಸಲ ಒಬ್ಬಳನ್ನು ಮಾತ್ರ ಹಿಡಿದುಕೊಂಡು, ಅವಳು ಬರುವ ಪುಟಗಳಿಗೆ ಚೀಟಿ ಇಡಿ.

ಆಮೇಲೆ ಪ್ರತಿ ದೃಶ್ಯಕ್ಕೂ ಒಂದೊಂದು ಸಾಲು ಬರೆಯಿರಿ. ಸಾಲು ‘ಅವಳು’ ಅಂತಲೇ ಶುರುವಾಗಬೇಕು. ‘ಅವನಿಗೆ ಬುದ್ಧಿ ಬಂತು’ ಅಂತ ಬರೆದರೆ ನಡೆಯುವುದಿಲ್ಲ. ಎಷ್ಟೋ ಪಾತ್ರಗಳ ಕತೆ ಇಲ್ಲೇ ಮುಗಿದುಹೋಗುತ್ತದೆ, ಬರೆಯಲು ಸಾಲೇ ಸಿಗುವುದಿಲ್ಲ.

ಇಬ್ಬರು ಹೆಂಗಸರು ಗಂಡಸಿನ ವಿಷಯ ಬಿಟ್ಟು ಬೇರೇನಾದರೂ ಮಾತಾಡಿಕೊಳ್ಳುತ್ತಾರಾ ಎಂದು ನೋಡುವ ಬೆಕ್ಡೆಲ್ ಪರೀಕ್ಷೆ ಇದೆಯಲ್ಲ, ಅದನ್ನು ಅಡ್ಡದಾರಿಯಾಗಿ ಬಳಸಬೇಡಿ. ಅದು 1985ರ ಒಂದು ಕಾಮಿಕ್ಸ್‌ನಲ್ಲಿ, ಸಿನಿಮಾ ಆರಿಸುವ ನಿಯಮವಾಗಿ ಬಂದ ತಮಾಷೆ. ಒಬ್ಬಳ ನಿರ್ಧಾರದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಈಗ ಜನ ಎಡವುವ ಜಾಗ. ಬರೆದ ಸಾಲುಗಳಲ್ಲಿ ಅವಳು ಏನನ್ನಾದರೂ ನಿರ್ಧರಿಸುವ ಸಾಲುಗಳನ್ನು ಆರಿಸಿ, ಒಂದೊಂದಕ್ಕೂ ಮೂರು ಪ್ರಶ್ನೆ ಕೇಳಿ. ಆ ನಿರ್ಧಾರ ನಮ್ಮ ಕಣ್ಣೆದುರು ಆಯಿತಾ, ಯಾರೋ ಹೇಳಿ ನಮಗೆ ಗೊತ್ತಾಯಿತಾ? ಬೇರೆ ದಾರಿ ಅವಳ ಮುಂದೆ ತೆರೆದಿತ್ತಾ? ಅದರಿಂದ ಆದದ್ದನ್ನು ಕತೆ ಅವಳ ಕಡೆಯಿಂದ ನೋಡಿತಾ?

ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯನ್ನೇ ತೆಗೆದುಕೊಳ್ಳಿ. ಮನೆಯವರ ಹೊಟ್ಟೆ ತುಂಬಿಸಲು ಸೋನ್ಯಾ ಮೈ ಮಾರಲು ಹೋಗುತ್ತಾಳೆ. ಸಂಜೆ ಹೊರಗೆ ಹೋಗಿ, ರಾತ್ರಿ ಬಂದು, ಮಲತಾಯಿಯ ಮುಂದೆ ಮೂವತ್ತು ರೂಬಲ್ ಇಟ್ಟು, ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ಭುಜ ಮಾತ್ರ ನಡುಗುತ್ತಿರುತ್ತದೆ. ಎಂಥ ದೃಶ್ಯ! ಆದರೆ ಇದನ್ನು ಹೇಳುವವನು ಹೆಂಡದಂಗಡಿಯಲ್ಲಿ ಕೂತ ಅವಳಪ್ಪ. ಕೇಳುವವನು ನಾಯಕ ರಾಸ್ಕೋಲ್ನಿಕೋವ್. ಅವಳ ಬದುಕಿನ ಅತಿ ದೊಡ್ಡ ನಿರ್ಧಾರ ನಮಗೆ ಸಿಗುವುದು ಬೆನ್ನಿನ ಕಡೆಯಿಂದ.

ಮುಂದೆ ಅವಳು ಕೊಲೆ ಮಾಡಿದ ನಾಯಕನಿಗೆ, ನಾಲ್ಕು ದಾರಿ ಸೇರುವಲ್ಲಿ ನೆಲಕ್ಕೆ ಮುತ್ತಿಟ್ಟು ತಪ್ಪು ಒಪ್ಪಿಕೋ ಅನ್ನುತ್ತಾಳೆ. ಅವನಿಗೆ ಶಿಕ್ಷೆಯಾದಾಗ ಸೈಬೀರಿಯಾಕ್ಕೂ ಹಿಂದೆಯೇ ಹೋಗುತ್ತಾಳೆ. ಧೈರ್ಯ ಅನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಅವಳು ಸಾಕಬೇಕಾದ, ಮಲತಾಯಿಯ ಪುಟ್ಟ ಮಕ್ಕಳು ಇದ್ದರಲ್ಲ, ಅವರೇನಾದರು? ಮಲತಾಯಿ ಸಾಯುತ್ತಾಳೆ. ಸ್ವಿದ್ರಿಗೈಲೋವ್ ಎಂಬವನು ಮಕ್ಕಳನ್ನು ಅನಾಥಾಲಯಗಳಿಗೆ ಸೇರಿಸಿ ಸೋನ್ಯಾಗೂ ದುಡ್ಡು ಕೊಡುತ್ತಾನೆ. ಮಕ್ಕಳನ್ನು ಬಿಟ್ಟು ಹೋಗಬೇಕಾ ಅನ್ನುವ ಕಷ್ಟದ ಪ್ರಶ್ನೆಯನ್ನು ಕತೆ ಅವಳ ಕೈಯಿಂದ ಮೆಲ್ಲಗೆ ತೆಗೆದುಬಿಟ್ಟಿದೆ, ಅವಳು ಅವನ ಹಿಂದೆ ಹೋಗಲಿ ಅಂತ. ಇಂಥ ಕೈಚಳಕ ಗೊತ್ತಾಗಬೇಕಾದರೆ ಅವಳಿಗೆ ಅಡ್ಡಿಯಾಗಬಹುದಾದದ್ದನ್ನು ಯಾರು ಸರಿಸಿದರು ಎಂದು ಹುಡುಕಿ.

ಅದೇ ಪುಸ್ತಕದ ದೂನ್ಯಾಳನ್ನು ಪಕ್ಕದಲ್ಲಿಡಿ. ಅವಳು ನಾಯಕನ ತಂಗಿ. ಅಣ್ಣನಿಗೆ ಅನುಕೂಲವಾಗಲಿ ಎಂದು ಲೂಜಿನ್ ಎಂಬವನನ್ನು ಮದುವೆಯಾಗಲು ಒಪ್ಪುತ್ತಾಳೆ. ಇದೂ ಅಮ್ಮನ ಪತ್ರದಲ್ಲಿ ಬರುವ ಸುದ್ದಿಯೇ. ಇಲ್ಲಿವರೆಗೆ ಇಬ್ಬರೂ ಒಂದೇ. ಆದರೆ ಆ ಲೂಜಿನ್‌ನನ್ನು ಎಲ್ಲರೆದುರು ಹೊರಗೆ ಹೋಗು ಅನ್ನುವವಳು ಅವಳೇ. ಮುಂದೆ, ಅವಳ ಹಿಂದೆ ಬಿದ್ದಿದ್ದ ಸ್ವಿದ್ರಿಗೈಲೋವ್ ಅವಳನ್ನು ಬೀಗ ಹಾಕಿದ ಕೋಣೆಯಲ್ಲಿ ತಡೆದಾಗ ಅವಳ ಕೈಯಲ್ಲಿ ರಿವಾಲ್ವರ್ ಇರುತ್ತದೆ. ಮೊದಲ ಗುಂಡು ಅವನ ಕೂದಲು ಸವರಿ ಹೋಗುತ್ತದೆ. ಎರಡನೆಯದು ಹಾರುವುದೇ ಇಲ್ಲ. ಮೂರನೆಯ ಸಲ ಅವಳು ರಿವಾಲ್ವರನ್ನೇ ಕೆಳಗೆ ಎಸೆಯುತ್ತಾಳೆ. ನನಗೆ ಗುಂಡಿಗಿಂತ ಆ ಎಸೆತವೇ ಮುಖ್ಯ. ಕೊಲ್ಲಲು ಸಾಧ್ಯವಿತ್ತು, ಕೊಲ್ಲಲಿಲ್ಲ. ಆಮೇಲೂ ಅವನ ಪ್ರೀತಿಗೆ ಒಪ್ಪಲಿಲ್ಲ. ಅಣ್ಣ ಅಲ್ಲಿ ಇರುವುದೂ ಇಲ್ಲ.

ಹಾಗಂತ ದೂನ್ಯಾ ಗೆದ್ದಳು ಎಂದು ಮಾರ್ಕ್ಸ್ ಕೊಟ್ಟು ಪುಸ್ತಕ ಮುಚ್ಚಬೇಡಿ. ಅವಳು ಹೊರಟಮೇಲೆ ಕತೆ ಸ್ವಿದ್ರಿಗೈಲೋವ್‌ನ ಜೊತೆಯೇ ಉಳಿಯುತ್ತದೆ. ಅವನು ಆ ರಿವಾಲ್ವರನ್ನೇ ಎತ್ತಿಕೊಂಡು ಹೋಗಿ ಅದರಿಂದಲೇ ಸಾಯುತ್ತಾನೆ. ಅವನ ಕೊನೆಯ ರಾತ್ರಿ, ಕೆಟ್ಟ ಕನಸುಗಳು ಎಲ್ಲ ವಿವರವಾಗಿ ಬರುತ್ತವೆ. ದೂನ್ಯಾ ಅದೇ ರಾತ್ರಿ ಹೇಗೆ ಕಳೆದಳು? ಪುಸ್ತಕದಲ್ಲಿ ಇಲ್ಲ. ಮೂರನೇ ಪ್ರಶ್ನೆಗೆ ಅವಳೂ ಅರ್ಧವೇ ಪಾಸು.

ಇನ್ನೊಂದು ತಪ್ಪು ಜಾಸ್ತಿ ಕಾಣುತ್ತದೆ. ಹೆಂಗಸು ತುಳಿತಕ್ಕೆ ಸಿಕ್ಕಿದ್ದರೆ ಅವಳಿಗೆ ಸ್ವಂತ ನಿರ್ಧಾರವೇ ಇಲ್ಲ ಅಂದುಬಿಡುತ್ತಾರೆ. ಕಟ್ಟಿಹಾಕಿದವಳೂ ನಿರ್ಧರಿಸುತ್ತಾಳೆ, ಅಲ್ವಾ? ಎಷ್ಟು ದಾರಿ ಇತ್ತು ಅನ್ನುವುದಕ್ಕಿಂತ, ಇದ್ದ ಒಂದೆರಡರ ನಡುವೆ ಅವಳು ನಿಂತಾಗ ಬರೆಯುವವರೂ ಅಲ್ಲಿ ನಿಂತರಾ ನೋಡಿ. ಕತೆಯನ್ನು ನಾಯಕನೇ ‘ನಾನು’ ಎಂದು ಹೇಳುತ್ತಿದ್ದರೆ ಅವಳ ಮನಸ್ಸು ಹೇಗೂ ಕಾಣುವುದಿಲ್ಲ. ಆಗ ಅವನಿಗೆ ಅರ್ಥವಾಗದ ಒಂದು ಕೆಲಸವನ್ನಾದರೂ ಅವಳು ಮಾಡುತ್ತಾಳಾ ಎಂದು ಹುಡುಕಿ, ಆ ಪುಟಕ್ಕೆ ಬೇರೆ ಬಣ್ಣದ ಚೀಟಿ ಇಡಿ.